ಭಟ್ಟಿಯ ಅಧ್ಯಾಯ: ಒಂದು ಕಿರುಪ್ರಬಂಧದ ಭಾಷೆಯನ್ನು ತೂಗಿದ ಬಗೆ

ದಾವಣಗೆರೆಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಊರಿನ ಮಂಡಕ್ಕಿ ಭಟ್ಟಿಗಳ ಕೆಲಸಗಾರರ ಬಗ್ಗೆ ಕಿರುಪ್ರಬಂಧ ಬರೆದರು. ಮಾರ್ಗದರ್ಶಕರು ಮೊದಲ ಕರಡಿನ ಮೂರನೇ ಅಧ್ಯಾಯದ ತುಂಬ ಕೆಂಪು ಗೆರೆ ಎಳೆದು, ‘ಆಡುಮಾತು. ಶೈಕ್ಷಣಿಕ ಭಾಷೆಯಲ್ಲಿ ಬರೆಯಿರಿ’ ಎಂದು ಷರಾ ಹಾಕಿದರು. ಒಂದನೇ ಅಧ್ಯಾಯಕ್ಕೆ ‘ಭಾಷೆ ಉತ್ತಮ’ ಎಂಬ ಮೆಚ್ಚುಗೆ ಸಿಕ್ಕಿತು. ವಿದ್ಯಾರ್ಥಿನಿ ಜಾಣೆ. ಮೆಚ್ಚುಗೆ ಸಿಕ್ಕ ಅಧ್ಯಾಯವನ್ನೇ ಮಾದರಿಯಾಗಿಟ್ಟುಕೊಂಡು ಮೂರನೆಯದನ್ನು ಪೂರ್ತಿ ತಿರುಗಿ ಬರೆದರು. ಎರಡನೇ ಓದುಗನಾಗಿ ನನಗೆ ಪ್ರತಿ ಬಂದಾಗ ಹಳೆಯ ಕರಡೂ ಹೊಸ ಕರಡೂ ಒಟ್ಟಿಗೇ ಇದ್ದವು. ಆ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಕೆಲವು ಸಾಲುಗಳನ್ನು ಇಲ್ಲಿ ಬಳಸುತ್ತಿದ್ದೇನೆ.

ಮೆಚ್ಚುಗೆ ಪಡೆದ ಒಂದನೇ ಅಧ್ಯಾಯ ಶುರುವಾಗುವುದು ಹೀಗೆ:

“ಅನಾದಿ ಕಾಲದಿಂದಲೂ ಆಹಾರವು ಮಾನವ ಜೀವನದ ಅವಿಭಾಜ್ಯ ಅಂಗವಾಗಿದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ವಿಶ್ವವಿಖ್ಯಾತವಾಗಿರುವ ದಾವಣಗೆರೆಯ ಸಾಂಸ್ಕೃತಿಕ ಅಸ್ಮಿತೆಯಲ್ಲಿ ಮಂಡಕ್ಕಿಯು ಮಹತ್ತರವಾದ ಪಾತ್ರವನ್ನು ವಹಿಸಿದೆ ಎಂದರೆ ಅತಿಶಯೋಕ್ತಿಯಾಗಲಾರದು.”

ಗೆರೆ ಬಿದ್ದ ಮೂರನೇ ಅಧ್ಯಾಯದ ಮೊದಲ ರೂಪ:

“ಭಟ್ಟಿ ಕೆಲಸ ಅಂದ್ರೆ ಸುಮ್ನೆ ಅಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಒಲೆ ಹಚ್ತಾರೆ, ಯಾಕಂದ್ರೆ ಹೊತ್ತೇರಿದ ಮೇಲೆ ಒಲೆ ಮುಂದೆ ಕೂರೋಕಾಗಲ್ಲ. ಗಂಡ ಮರಳು ಕಾಯಿಸಿ ಅಕ್ಕಿ ಹುರೀತಾನೆ, ಹೆಂಡ್ತಿ ಜರಡಿ ಹಿಡೀತಾಳೆ, ಅತ್ತೆ ಚೀಲ ತುಂಬ್ತಾಳೆ. ಕೂಲಿ ಮಾತ್ರ ಚೀಲದ ಲೆಕ್ಕ, ಅದೂ ಗಂಡನ ಕೈಗೇ. ಮೊದ್ಲು ಇಲ್ಲಿ ಸಾವಿರಾರು ಭಟ್ಟಿ ಇದ್ವಂತೆ, ಈಗ ಮಷಿನ್ ಬಂದು ಕಮ್ಮಿ ಆಗಿವೆ. ಹೊಗೆಯಿಂದ ಎಲ್ಲರಿಗೂ ಕೆಮ್ಮು.”

ತಿದ್ದಿದ ಮೇಲಿನ ರೂಪ:

“ಭಟ್ಟಿ ಕಾರ್ಮಿಕರ ಬದುಕು ಅತ್ಯಂತ ಶೋಚನೀಯವಾಗಿದೆ. ಉಷಾಕಾಲದಲ್ಲಿಯೇ ಶ್ರಮಯಜ್ಞಕ್ಕೆ ಅಣಿಯಾಗುವ ಈ ಕಾಯಕಜೀವಿಗಳು ಕುಟುಂಬ ಸಮೇತರಾಗಿ ಉತ್ಪಾದನಾ ಪ್ರಕ್ರಿಯೆಯಲ್ಲಿ ತೊಡಗಿಸಿಕೊಳ್ಳುತ್ತಾರೆ. ಕನಿಷ್ಠ ವೇತನವೂ ದೊರೆಯದೆ ಶೋಷಣೆಗೆ ಒಳಗಾಗಲ್ಪಡುತ್ತಿದ್ದಾರೆ. ಹಿಂದೆ ಇಲ್ಲಿ ಸಹಸ್ರಾರು ಭಟ್ಟಿಗಳು ಅಸ್ತಿತ್ವದಲ್ಲಿದ್ದು, ಯಾಂತ್ರೀಕರಣದ ಪರಿಣಾಮವಾಗಿ ಅವನತಿಯ ಅಂಚಿಗೆ ತಲುಪಿವೆ. ಶ್ವಾಸಕೋಶ ಸಂಬಂಧಿ ಕಾಯಿಲೆಗಳು ವ್ಯಾಪಕವಾಗಿ ಕಂಡುಬರುತ್ತವೆ.”

ಭಾಷೆಗೆಂದು ಇಟ್ಟ ಅಂಕಗಳಲ್ಲಿ ನಾನು ಮೊದಲ ರೂಪಕ್ಕೆ ಹೆಚ್ಚು ಕೊಡುತ್ತೇನೆ ಎಂದೆ. ಮಾರ್ಗದರ್ಶಕರಿಗೆ ಅದು ತಮಾಷೆಯಂತೆ ಕಂಡಿತು. “ಸರ್, ಹಚ್ತಾರೆ, ಹುರೀತಾನೆ ಅಂತ ಬರೆದದ್ದನ್ನ ಹೊರಗಿನ ಪರೀಕ್ಷಕರ ಮುಂದೆ ಇಡೋಕಾಗುತ್ತಾ?” ಎಂದರು. ಇಡಲಾಗದು, ಅವರ ಆತಂಕ ಸರಿಯಾದದ್ದೇ. ಆದರೆ ಎರಡೂ ಕರಡುಗಳನ್ನು ಅಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿದ್ದ ಒಂದೊಂದು ಸಂಗತಿಯೂ ಎರಡನೆಯದರಲ್ಲಿ ಎಲ್ಲಿ ಹೋಯಿತು ಎಂದು ಹುಡುಕಿದಾಗ ಮಾತು ಬೇರೆ ಕಡೆ ತಿರುಗಿತು.

ಏನು ಕಳೆಯಿತು, ಏನು ಸೇರಿಕೊಂಡಿತು

ನಾಲ್ಕು ಗಂಟೆ ‘ಉಷಾಕಾಲ’ ಆಯಿತು. ಆ ಹೊತ್ತಿಗೇ ಯಾಕೆ ಒಲೆ ಹಚ್ಚುತ್ತಾರೆ ಎಂಬ ಕಾರಣ ಬಿದ್ದೇಹೋಯಿತು. ಹುರಿಯುವವರು, ಜರಡಿ ಹಿಡಿಯುವವರು, ಚೀಲ ತುಂಬುವವರು ಎಂದು ಮನೆಯೊಳಗೆ ಹಂಚಿಕೊಂಡಿದ್ದ ಕೆಲಸ ‘ಕುಟುಂಬ ಸಮೇತ’ ಎಂಬ ಎರಡು ಪದದಲ್ಲಿ ಕರಗಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಕೂಲಿಯ ಸಾಲಿನದು. ಮೂವರು ದುಡಿದರೂ ದುಡ್ಡು ಒಬ್ಬರ ಕೈ ಸೇರುತ್ತದೆ ಎಂಬುದು ಇಡೀ ಕಿರುಪ್ರಬಂಧದ ಬಹುಮುಖ್ಯ ಶೋಧ. ಅದಿದ್ದದ್ದು ‘ಅದೂ ಗಂಡನ ಕೈಗೇ’ ಎಂಬ ಗೊಣಗಾಟದಂಥ ತುಣುಕಿನಲ್ಲಿ. ಗೊಣಗಾಟವನ್ನು ಅಳಿಸುವಾಗ ಶೋಧವೂ ಅಳಿಸಿಹೋಯಿತು.

ಹೋದದ್ದು ಹೀಗಾದರೆ, ಹೊಸದಾಗಿ ಬಂದು ಕೂತದ್ದು ಇನ್ನೂ ತೊಂದರೆಯದು. ಮೊದಲ ರೂಪದಲ್ಲಿ ಕೂಲಿ ಕಡಿಮೆ ಎಂಬ ಮಾತೇ ಇರಲಿಲ್ಲ. ಎರಡನೆಯದರಲ್ಲಿ ‘ಕನಿಷ್ಠ ವೇತನವೂ ದೊರೆಯದೆ’ ಎಂದು ಬಂದಿದೆ. ಕನಿಷ್ಠ ವೇತನ ಎಂದರೆ ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಮಾಡುವ ದರ. ಚೀಲದ ಲೆಕ್ಕದ ಕೂಲಿಯನ್ನು ದಿನದ ಲೆಕ್ಕಕ್ಕೆ ಇಳಿಸಿ, ದುಡಿದ ಮೂವರ ಮೇಲೆ ಹಂಚಿ, ಆ ದರದ ಪಕ್ಕ ಇಟ್ಟು ನೋಡಿದ ಮೇಲಷ್ಟೇ ಬರೆಯಬಹುದಾದ ಮಾತು ಅದು. ವಿದ್ಯಾರ್ಥಿನಿ ಆ ಲೆಕ್ಕ ಮಾಡಿರಲಿಲ್ಲ. “ಶೋಷಣೆ ಅಂತ ಬರೆದ್ಮೇಲೆ ಅದರ ಮುಂದೆ ಏನೋ ಇರಬೇಕು ಅನ್ನಿಸ್ತು ಸರ್” ಎಂದರು. ಪ್ರಾಮಾಣಿಕ ಉತ್ತರ. ಉಬ್ಬಿದ ಗದ್ಯ ಬೆಳೆಯುವುದೇ ಹಾಗೆ, ಒಂದು ದೊಡ್ಡ ಪದ ತನ್ನ ಪಕ್ಕಕ್ಕೆ ಇನ್ನೊಂದನ್ನು ಕರೆಯುತ್ತದೆ.

ಕೆಮ್ಮಿನ ಸಾಲೂ ಇದೇ ದಾರಿ ಹಿಡಿಯಿತು. ‘ಎಲ್ಲರಿಗೂ ಕೆಮ್ಮು’ ಎನ್ನುವುದು ಆಡುಮಾತಿನ ಉತ್ಪ್ರೇಕ್ಷೆ. ಟಿಪ್ಪಣಿ ಪುಸ್ತಕ ತೆಗೆಸಿ ನೋಡಿದರೆ, ಕೆಮ್ಮಿನ ಮಾತೆತ್ತಿದವರು ಮಾತಾಡಿಸಿದವರಲ್ಲಿ ಅರ್ಧದಷ್ಟೂ ಇರಲಿಲ್ಲ. ಭಾಷೆ ತಿದ್ದಿದಾಗ ಈ ತಪ್ಪು ಸರಿಹೋಗಬೇಕಿತ್ತು. ಬದಲಿಗೆ ಕೆಮ್ಮು ‘ಶ್ವಾಸಕೋಶ ಸಂಬಂಧಿ ಕಾಯಿಲೆ’ ಆಯಿತು, ಎಲ್ಲರೂ ಎಂಬುದು ‘ವ್ಯಾಪಕ’ ಆಯಿತು. ವೈದ್ಯರು ಯಾರನ್ನೂ ಪರೀಕ್ಷಿಸಿಲ್ಲ, ರೋಗ ಮಾತ್ರ ನಿರ್ಣಯವಾಗಿಬಿಟ್ಟಿದೆ. ಮೊದಲ ಸಾಲನ್ನು ಓದಿದವರಿಗೆ ಇದು ಬಾಯಿಮಾತು ಎಂದಾದರೂ ಗೊತ್ತಾಗುತ್ತಿತ್ತು. ಎರಡನೆಯದು ಪರೀಕ್ಷಿಸಿ ಹೇಳಿದಂತೆ ಕಾಣುತ್ತದೆ.

‘ಇದ್ವಂತೆ’ ಹೋಗಿ ‘ಇದ್ದವು’ ಆದಾಗ

ಮೂರನೇ ಅಧ್ಯಾಯದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಭಟ್ಟಿಗಳ ಸಂಖ್ಯೆಯ ಸಾಲು. ‘ಸಾವಿರಾರು ಭಟ್ಟಿ ಇದ್ವಂತೆ’ ಎಂದು ಬರೆದವರು ಅದನ್ನು ತಾವು ನೋಡಿಲ್ಲ, ಯಾರೋ ಹೇಳಿದ್ದು ಎಂದು ಕೊನೆಯ ‘ಅಂತೆ’ಯಲ್ಲೇ ಒಪ್ಪಿಕೊಂಡಿರುತ್ತಾರೆ. ಕನ್ನಡ ಮಾತಾಡುವ ಯಾರೂ ಇದನ್ನು ಕಲಿಯಬೇಕಿಲ್ಲ. ಬರಹಕ್ಕೆ ಬಂದಾಗ ‘ಅಂತೆ’ ಆಡುಮಾತಿನದು ಎಂದು ಕಿತ್ತುಹಾಕುವುದು ನಮ್ಮ ತರಗತಿಗಳಲ್ಲಿ ರೂಢಿ. ಕಿತ್ತ ಜಾಗದಲ್ಲಿ ಏನನ್ನೂ ಇಡದಿದ್ದರೆ ಕೇಳಿದ್ದು ಕಂಡದ್ದಾಗುತ್ತದೆ. ‘ಸಹಸ್ರಾರು ಭಟ್ಟಿಗಳು ಅಸ್ತಿತ್ವದಲ್ಲಿದ್ದು’ ಎಂಬುದನ್ನು ನಾಳೆ ಇನ್ನೊಬ್ಬ ವಿದ್ಯಾರ್ಥಿ ಈ ಕಿರುಪ್ರಬಂಧದ ಹೆಸರು ಹಾಕಿ ಉದ್ಧರಿಸಿದರೆ, ಯಾರೋ ಮುದುಕರ ನೆನಪು ಊರಿನ ಇತಿಹಾಸವಾಗಿ ಕೂರುತ್ತದೆ.

ಆದ್ದರಿಂದ ‘ಅಂತೆ’ ಕಂಡಲ್ಲೆಲ್ಲ ನಾನು ಕೇಳುವುದು, ಯಾರು ಹೇಳಿದರು, ಅವರಿಗೆ ಅದು ಹೇಗೆ ಗೊತ್ತು ಎಂದು. ಇಲ್ಲಿ ಹೇಳಿದ್ದವರು ಇಬ್ಬರು ಹಿರಿಯ ಮಾಲೀಕರು. ಅವರೂ ‘ಸಾವಿರಾರು’ ಎಂದದ್ದು ‘ಬಹಳ’ ಎಂಬ ಅರ್ಥದಲ್ಲಿ. ದಾಖಲೆ ಹುಡುಕಬೇಕೆಂದರೆ ಒಂದು ತೊಡಕಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮುಂಚೆ ಇದು ಚಿತ್ರದುರ್ಗ ಜಿಲ್ಲೆಯ ಭಾಗ. ಹಳೆಯ ಜಿಲ್ಲಾಮಟ್ಟದ ಕಾಗದಪತ್ರಗಳನ್ನು ದಾವಣಗೆರೆಯ ಹೆಸರಿನಲ್ಲಿ ಹುಡುಕಿ ‘ಸಿಗಲಿಲ್ಲ’ ಎಂದು ಬರೆದರೆ ಹುಡುಕಿದಂತಾಗದು. ವಿದ್ಯಾರ್ಥಿನಿಗೆ ಸಮಯವಿರಲಿಲ್ಲ, ಕಿರುಪ್ರಬಂಧಕ್ಕೆ ಅಷ್ಟು ಬೇಕಾಗಿಯೂ ಇರಲಿಲ್ಲ. ಹಾಗಾಗಿ ಸಂಖ್ಯೆ ಕೈಬಿಟ್ಟು, ಹೇಳಿದವರನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು.

ಆಡುಮಾತು ಎಂದು ಗೆರೆ ಬಿದ್ದದ್ದೆಲ್ಲ ಆಡುಮಾತಲ್ಲ

ಮಾರ್ಗದರ್ಶಕರ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ‘ಹಚ್ತಾರೆ’, ‘ಹುರೀತಾನೆ’, ‘ಯಾಕಂದ್ರೆ’, ‘ಕೂರೋಕಾಗಲ್ಲ’ ಇವೆಲ್ಲ ಉಚ್ಚಾರಣೆಯನ್ನು ಹಾಗೇ ಬರಹಕ್ಕೆ ಇಳಿಸಿದವು. ಹಚ್ಚುತ್ತಾರೆ, ಏಕೆಂದರೆ, ಕೂರಲಾಗುವುದಿಲ್ಲ ಎಂದು ತಿದ್ದಿದರೆ ಮುಗಿಯಿತು, ಅರ್ಥ ಕದಲುವುದಿಲ್ಲ. ಅಂಕ ಕಡಿಯುವುದಾದರೂ ಸ್ವಲ್ಪವೇ ಕಡಿಯಬೇಕಾದ ದೋಷ. ‘ಭಟ್ಟಿ ಕೆಲಸ ಅಂದ್ರೆ ಸುಮ್ನೆ ಅಲ್ಲ’ ಎಂಬುದು ಬೇರೆ ಜಾತಿಯದು. ಅಲ್ಲಿ ಕ್ರಿಯಾಪದ ತಿದ್ದಿ ‘ಭಟ್ಟಿಯ ಕೆಲಸವೆಂದರೆ ಸುಮ್ಮನೆ ಅಲ್ಲ’ ಎಂದರೂ ಅದು ಓದುಗರ ಭುಜ ತಟ್ಟುವ ಮಾತೇ. ಎಷ್ಟು ಕಷ್ಟ ಎಂದು ತೋರಿಸುವ ಬದಲು ಕಷ್ಟವೆಂದು ಒಪ್ಪಿಸಲು ನೋಡುತ್ತದೆ. ಅಂಥದ್ದನ್ನು ತೆಗೆದೇ ಹಾಕಬೇಕು. ಎರಡನೇ ಕರಡಿನಲ್ಲಿ ಅದು ‘ಅತ್ಯಂತ ಶೋಚನೀಯ’ ಎಂದು ವೇಷ ಬದಲಿಸಿದೆ ಅಷ್ಟೇ, ಮಾಡುತ್ತಿರುವ ಕೆಲಸ ಅದೇ.

ಇನ್ನು ‘ಭಟ್ಟಿ’, ‘ಜರಡಿ’, ‘ಚೀಲ’, ‘ಹುರಿ’. ಇವುಗಳ ಕೆಳಗೂ ಗೆರೆ ಇತ್ತು. ‘ಭಟ್ಟಿ’ಗೆ ಬದಲಾಗಿ ‘ಕುಲುಮೆ’ ಎಂಬ ಸೂಚನೆಯೂ ಇತ್ತು! ಕುಲುಮೆ ಕಮ್ಮಾರರದು, ಅಲ್ಲಿ ಕಬ್ಬಿಣ ಕಾಯುತ್ತದೆ. ಕಸುಬಿನ ಪದಗಳು ಬಾಯಿಯಿಂದ ಬಂದವಾದರೂ ಸಡಿಲ ಪದಗಳಲ್ಲ. ಈ ಕ್ಷೇತ್ರದ ಪಾರಿಭಾಷಿಕ ಪದಗಳೇ ಅವು. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ, ಆಮೇಲೆ ಅಳುಕದೆ ಬಳಸಬೇಕು. ‘ಉತ್ಪಾದನಾ ಪ್ರಕ್ರಿಯೆ’ ಎಂದು ಬರೆದವರಿಗೆ ಮಂಡಕ್ಕಿ ಹೇಗೆ ಅರಳುತ್ತದೆಂದು ಗೊತ್ತಿದೆಯೋ ಇಲ್ಲವೋ ಹೇಳಲಾಗದು. ಉಪ್ಪುನೀರು ಸವರಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ಹುರಿದು, ಅರಳಿದ ಕೂಡಲೇ ಜರಡಿಯಲ್ಲಿ ಮರಳು ಬೇರ್ಪಡಿಸುತ್ತಾರೆ ಎಂದು ಬರೆದವರಿಗೆ ಗೊತ್ತಿದೆ ಎಂದು ಪರೀಕ್ಷಕರಿಗೆ ಕಾಣುತ್ತದೆ.

ಕೆಲಸಗಾರರ ಸ್ವಂತ ಮಾತುಗಳದ್ದೂ ಒಂದು ಸಮಸ್ಯೆ. ಟಿಪ್ಪಣಿಯಲ್ಲಿ ಒಬ್ಬ ಹೆಣ್ಣುಮಗಳ ಮಾತು ಹೀಗಿತ್ತು: “ಕೆಮ್ಮು ಬಂತು ಅಂತ ಭಟ್ಟಿ ಬಿಡಾಕಾಗತ್ತಾ ಅಕ್ಕಾ, ಚೀಲ ತುಂಬಿದ್ರೆ ತಾನೆ ದುಡ್ಡು.” ಮೊದಲ ಕರಡಿನಲ್ಲಿ ಇದು ಉದ್ಧರಣ ಚಿಹ್ನೆ ಇಲ್ಲದೆ ವಿದ್ಯಾರ್ಥಿನಿಯ ಮಾತಿನೊಳಗೇ ಬೆರೆತುಹೋಗಿತ್ತು. ಎರಡನೆಯದರಲ್ಲಿ “ಅನಾರೋಗ್ಯದ ಕಾರಣದಿಂದ ಕೆಲಸವನ್ನು ತ್ಯಜಿಸಲು ಸಾಧ್ಯವಿಲ್ಲವೆಂದು ಪ್ರತಿವಾದಿಗಳು ತಿಳಿಸಿದರು” ಎಂದಾಗಿತ್ತು. ಪ್ರತಿವಾದಿ ಕೋರ್ಟಿನ ಪದ, ಇಲ್ಲಿ ಬೇಕಿದ್ದದ್ದು ಮಾಹಿತಿದಾರರು. ಅದಿರಲಿ. ಸಾಕ್ಷ್ಯವಾಗಿ ಬಂದ ಮಾತನ್ನು ಗ್ರಾಂಥಿಕಗೊಳಿಸುವಂತಿಲ್ಲ. ಅದು ಚಿಹ್ನೆಯೊಳಗೆ, ಆಡಿದ ರೂಪದಲ್ಲೇ ಇರಬೇಕು. ಕೆಲವರು ಉರ್ದುವಿನಲ್ಲಿ ಮಾತಾಡಿದ್ದರು, ಅವರ ಮಾತನ್ನೂ ವಿದ್ಯಾರ್ಥಿನಿ ದಾವಣಗೆರೆ ಕನ್ನಡದಲ್ಲಿ ಚಿಹ್ನೆಯೊಳಗೆ ಬರೆದಿದ್ದರು. ಅಂಥ ಕಡೆ ಆಡುಗನ್ನಡದ ಸೊಗಡು ಹಚ್ಚುವುದೂ ತಪ್ಪೇ, ಅದು ಅವರ ಬಾಯಿಯ ಮಾತಲ್ಲ. ಸರಳ ಬರಹಗನ್ನಡಕ್ಕೆ ತಂದು ‘ಉರ್ದುವಿನಿಂದ’ ಎಂದು ಸೂಚಿಸಿದರಾಯಿತು.

ಯಾರೂ ಗೆರೆ ಎಳೆಯದೇ ಹೋದ ಒಂದು ದೋಷ ಇತ್ತು. ಮಾಲೀಕರೆಲ್ಲ ‘ಹೇಳಿದರು’, ಕೆಲಸಗಾರರು ಮಾತ್ರ ‘ಹೇಳಿದ’, ‘ಹೇಳಿದಳು’. ಇದು ಆಡುಮಾತೂ ಅಲ್ಲ, ಆಡಂಬರವೂ ಅಲ್ಲ. ಆದರೆ ಕೂಲಿಯವರ ಬಗ್ಗೆ ಸಹಾನುಭೂತಿಯಿಂದ ಬರೆದ ಅಧ್ಯಾಯದಲ್ಲಿ ಏಕವಚನ, ಬಹುವಚನಗಳು ಹೀಗೆ ಹಂಚಿಹೋದರೆ ‘ಕಾಯಕಜೀವಿಗಳು’ ಎಂಬ ಹೊಗಳಿಕೆಯ ಬೆಲೆ ಏನು? ಅಂದಹಾಗೆ, ಅದೇ ಜನರನ್ನು ಒಂದು ಸಾಲಿನಲ್ಲಿ ಕಾಯಕಜೀವಿಗಳೆಂದು ಕೊಂಡಾಡಿ ಮುಂದಿನ ಸಾಲಿನಲ್ಲಿ ಶೋಷಿತರು ಎಂದರೆ ಬರೆದವರ ನಿಲುವು ಯಾವುದೆಂದು ತಿಳಿಯುವುದಿಲ್ಲ. ಮಾಹಿತಿ ಕೊಟ್ಟವರೆಲ್ಲರಿಗೂ ಒಂದೇ ಗೌರವರೂಪ ಎಂದು ಗೊತ್ತುಮಾಡಿ, ಕಡತದ ಉದ್ದಕ್ಕೂ ತಿದ್ದಿಸಿದೆ.

ಉಬ್ಬಿದ್ದನ್ನು ಗುರುತಿಸುವುದು

ಸಂಸ್ಕೃತ ಪದ ಹೆಚ್ಚಿದ್ದರೆ ಉಬ್ಬು ಎಂದು ಎಣಿಸಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆಂಡತಿ ಮತ್ತು ಅತ್ತೆಯ ಕೆಲಸಕ್ಕೆ ಸಮಾಜಶಾಸ್ತ್ರದಲ್ಲಿ ‘ವೇತನರಹಿತ ಕೌಟುಂಬಿಕ ದುಡಿಮೆ’ ಎಂಬ ಪರಿಕಲ್ಪನೆ ಒದಗುತ್ತದೆ. ಪದ ಭಾರವಾಗಿದ್ದರೂ ಅದಕ್ಕೊಂದು ವ್ಯಾಖ್ಯೆ ಇದೆ, ಒಮ್ಮೆ ಬಳಸಿದರೆ ಮುಂದಿನ ಅಧ್ಯಾಯದ ವಿಶ್ಲೇಷಣೆ ಅದರ ಮೇಲೆ ನಿಲ್ಲುತ್ತದೆ. ‘ಶ್ರಮಯಜ್ಞ’ಕ್ಕೆ ಅಂಥ ಕೆಲಸವಿಲ್ಲ. ‘ಶೋಷಣೆ’ ಇವೆರಡರ ನಡುವೆ ಇದೆ. ಯಾವ ಸಿದ್ಧಾಂತದ ಅರ್ಥದಲ್ಲಿ ಎಂದು ಹೇಳಿ ಬಳಸಿದರೆ ಪರಿಕಲ್ಪನೆ, ಹೇಳದಿದ್ದರೆ ನಿಟ್ಟುಸಿರು.

ನಾನು ಮಾಡುವ ಪರೀಕ್ಷೆ ಸರಳವಾದದ್ದು. ವಾಕ್ಯವನ್ನು ಎತ್ತಿ ರಾಮನಗರದ ರೇಷ್ಮೆ ನೂಲು ತೆಗೆಯುವವರ ಮೇಲಿನ ಪ್ರಬಂಧಕ್ಕೆ ಹಾಕಿ ನೋಡುವುದು. ‘ಉಷಾಕಾಲದಲ್ಲಿಯೇ ಶ್ರಮಯಜ್ಞಕ್ಕೆ ಅಣಿಯಾಗುವ ಈ ಕಾಯಕಜೀವಿಗಳು’ ಅಲ್ಲಿಯೂ ಚೆನ್ನಾಗಿ ಕೂರುತ್ತಾರೆ. ‘ಹೊತ್ತೇರಿದ ಮೇಲೆ ಒಲೆ ಮುಂದೆ ಕೂರೋಕಾಗಲ್ಲ’ ಎಂಬುದರೊಳಗೆ ಭಟ್ಟಿಯ ಬಿಸಿ ಇದೆ. ಅದನ್ನು ಬೇರೆಡೆಗೆ ಒಯ್ದರೆ ವಿಚಾರಿಸದೆ ಬರೆದ ಹಾಗಾಗುತ್ತದೆ. ಈ ಪರೀಕ್ಷೆ ಸಾಹಿತ್ಯ ಸಮೀಕ್ಷೆಯ ಅಧ್ಯಾಯಕ್ಕೆ ಅಷ್ಟಾಗಿ ನಡೆಯದು, ಅಲ್ಲಿ ಸಾಮಾನ್ಯ ಮಾತುಗಳು ಬೇಕಾಗುತ್ತವೆ. ಕ್ಷೇತ್ರಕಾರ್ಯದ ಅಧ್ಯಾಯಕ್ಕೆ ಸಾಕು.

ವ್ಯಾಕರಣವೂ ಸುಳಿವು ಕೊಡುತ್ತದೆ. ‘ಒಳಗಾಗಲ್ಪಡುತ್ತಿದ್ದಾರೆ’ ಎಂಬ ರೂಪ ನೋಡಿ. ಒಳಗಾಗು ಎಂಬುದರಲ್ಲೇ ಅನುಭವಿಸುವ ಅರ್ಥ ಇರುವಾಗ ಅದಕ್ಕೆ ‘ಲ್ಪಡು’ ಅಂಟಿಸುವ ಅಗತ್ಯವೇನಿದೆ? ಗಾಂಭೀರ್ಯಕ್ಕೆಂದು ಸೇರಿಸಿದ ಕರ್ಮಣಿ. ವಿಧಾನದ ಭಾಗದಲ್ಲಿ ಮೊದಲು ‘ನಾನು ಭಟ್ಟಿಗೆ ಹೋದಾಗ’ ಎಂದಿದ್ದದ್ದು, ತಿದ್ದುಪಡಿಯಲ್ಲಿ ‘ಸಂಶೋಧಕಿಯು ಕ್ಷೇತ್ರಕ್ಕೆ ಭೇಟಿ ನೀಡಲ್ಪಟ್ಟಾಗ’ ಆಗಿತ್ತು. ಭೇಟಿ ನೀಡಿದವರೇ ನೀಡಲ್ಪಟ್ಟರು! ‘ನಾನು’ ಎಂದರೆ ಅನೌಪಚಾರಿಕ ಎಂಬ ಭಯ ಇದಕ್ಕೆ ಕಾರಣ. ಸಮಾಜವಿಜ್ಞಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಶೈಲಿ ಕೈಪಿಡಿಯೇ ಲೇಖಕರು ತಮ್ಮನ್ನು ‘ಸಂಶೋಧಕರು’ ಎಂದು ಬೇರೆಯವರಂತೆ ಕರೆದುಕೊಳ್ಳದೆ ‘ನಾನು’ ಎನ್ನಲಿ ಎನ್ನುತ್ತದೆ. ನಮ್ಮ ಕೆಲವು ವಿಭಾಗಗಳು ‘ಸಂಶೋಧಕಿ’ಯನ್ನೇ ಬಯಸುತ್ತವೆ. ವಿಭಾಗ ಹಾಗೆ ಬಯಸಿದರೆ ‘ಸಂಶೋಧಕಿ ಭಟ್ಟಿಗಳಿಗೆ ಹೋದರು’ ಎಂದು ಕರ್ತರಿಯಲ್ಲಿ ಬರೆಯಲಿ, ಜಗಳ ಬೇಡ. ಇಲ್ಲಿ ಮಾರ್ಗದರ್ಶಕರು ‘ನಾನು’ ಇರಲಿ ಎಂದು ಒಪ್ಪಿದರು.

ಮೂರನೇ ರೂಪ

ಮೂರನೇ ಸಲ ಬರೆಯುವಾಗ ಎರಡನೇ ಕರಡನ್ನು ಮುಚ್ಚಿಡಲು ಹೇಳಿದೆ. “ನೋಡಮ್ಮ, ಮೊದಲನೆಯದನ್ನೇ ಎದುರಿಗಿಟ್ಕೋ. ಕ್ರಿಯಾಪದ ತಿದ್ದು, ಅಂತೆ ಇದ್ದಲ್ಲಿ ಹೇಳಿದವರನ್ನ ತಾ, ಎಲ್ಲರೂ ಅಂತ ಇದ್ದಲ್ಲಿ ಕೋಷ್ಟಕ ನೋಡು. ಹೊಸ ವಿಶೇಷಣ ಒಂದೂ ಬೇಡ.” ಬಂದದ್ದು ಇದು:

“ಭಟ್ಟಿಯ ಕೆಲಸ ಬೆಳಗಿನ ಜಾವ 4 ಗಂಟೆಯ ಸುಮಾರಿಗೆ ಆರಂಭವಾಗುತ್ತದೆ. ಹೊತ್ತೇರಿದ ಮೇಲೆ ಒಲೆಯ ಮುಂದೆ ಕೂರಲಾಗುವುದಿಲ್ಲ ಎಂಬುದು ಕೆಲಸಗಾರರು ಕೊಡುವ ಕಾರಣ. ಗಂಡಸರು ಮರಳು ಕಾಯಿಸಿ ಅಕ್ಕಿ ಹುರಿಯುತ್ತಾರೆ, ಹೆಂಗಸರು ಜರಡಿ ಹಿಡಿಯುತ್ತಾರೆ, ಮನೆಯ ಹಿರಿಯ ಹೆಂಗಸರು ಚೀಲ ತುಂಬುತ್ತಾರೆ. ಮಾಲೀಕರು ಚೀಲದ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ನಾನು ನೋಡಿದ ಭಟ್ಟಿಗಳಲ್ಲಿ ಅದು ಗಂಡಸರ ಕೈಗೇ ಸೇರುತ್ತದೆ. ಹಿಂದೆ ಇಲ್ಲಿ ಈಗಿನದಕ್ಕಿಂತ ಹೆಚ್ಚು ಭಟ್ಟಿಗಳಿದ್ದವು, ಯಂತ್ರಗಳು ಬಂದ ಮೇಲೆ ಕಡಿಮೆಯಾದವು ಎಂದು ಇಬ್ಬರು ಹಿರಿಯ ಮಾಲೀಕರು ಹೇಳಿದರು.”

ಕೆಮ್ಮಿನ ಸಾಲು ಕೋಷ್ಟಕದ ಅಂಕಿಯೊಂದಿಗೆ ಆರೋಗ್ಯದ ಉಪವಿಭಾಗಕ್ಕೆ ಹೋಯಿತು, ‘ಕೆಮ್ಮು ಇದೆಯೆಂದು ಹೇಳಿದರು’ ಎಂಬ ರೂಪದಲ್ಲಿ. ‘ಕೈಗೇ’ ಎಂಬಲ್ಲಿನ ಒತ್ತನ್ನು ಮಾರ್ಗದರ್ಶಕರು ಪ್ರಶ್ನಿಸಿದರು. ‘ಕೈಗೆ’ ಎಂದರೂ ವಾಕ್ಯ ನಿಲ್ಲುತ್ತದೆ. ಆದರೆ ಬೇರೆ ಯಾರಿಗೂ ಇಲ್ಲ ಎಂಬುದನ್ನು ಹೇಳುತ್ತಿರುವುದು ಆ ದೀರ್ಘವೇ. ವಿದ್ಯಾರ್ಥಿನಿ ನೋಡಿದ ಭಟ್ಟಿಗಳಲ್ಲಿ ಅದಕ್ಕೆ ಅಪವಾದ ಇರಲಿಲ್ಲವಾದ್ದರಿಂದ ಉಳಿಸಿದೆವು. ಒಂದು ಭಟ್ಟಿಯಲ್ಲಿ ಹೆಂಗಸಿನ ಕೈಗೆ ಕೂಲಿ ಬಂದಿದ್ದರೂ ಅದನ್ನು ತೆಗೆಯಬೇಕಾಗುತ್ತಿತ್ತು.

ಒಂದನೇ ಅಧ್ಯಾಯದ ಮೇಲೆ ಮಾತ್ರ ಪೂರ್ತಿ ಒಮ್ಮತ ಬರಲಿಲ್ಲ. ‘ಅನಾದಿ ಕಾಲ’ದ ವಾಕ್ಯ ಹೋಯಿತು. ‘ಅತಿಶಯೋಕ್ತಿಯಾಗಲಾರದು’ ಎಂಬುದು ಅತಿಶಯೋಕ್ತಿಗೇ ಕಟ್ಟಿದ ಬಾಲ ಎಂದು ಮಾರ್ಗದರ್ಶಕರೂ ನಕ್ಕು ಒಪ್ಪಿದರು. ಮ್ಯಾಂಚೆಸ್ಟರ್ ಬಿಡಲು ಅವರಿಗೆ ಮನಸ್ಸಿರಲಿಲ್ಲ, ಊರಿನ ಅಭಿಮಾನದ ಮಾತು. ಆ ಬಿರುದು ಬಂದದ್ದು ಹತ್ತಿ ಗಿರಣಿಗಳಿಂದ, ಮಂಡಕ್ಕಿಗೆ ಅದರ ಹಂಗಿಲ್ಲ ಎಂದು ನಾನು ವಾದಿಸಿದೆ. ಕೊನೆಗೆ ಆ ಮಾತು ಊರಿನ ಉದ್ಯಮಗಳ ಹಿನ್ನೆಲೆ ಹೇಳುವ ಭಾಗಕ್ಕೆ ಇಳಿಯಿತು. ‘ವಿಶ್ವವಿಖ್ಯಾತ’ ಹೋಗಿ, ‘ಹತ್ತಿ ಗಿರಣಿಗಳ ಕಾರಣಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ’ ಎಂಬಷ್ಟೇ ಉಳಿಯಿತು. ಅಧ್ಯಾಯದ ಮೊದಲ ವಾಕ್ಯವಾಗಿ ಈಗ ಇರುವುದು, ಈ ಅಧ್ಯಯನ ಯಾವ ಭಟ್ಟಿಗಳ ಯಾರನ್ನು ಮಾತಾಡಿಸಿ ಏನನ್ನು ತಿಳಿಯಹೊರಟಿದೆ ಎಂಬ ಸಾಲು. ಮಾರ್ಗದರ್ಶಕರಿಗೆ ಅದು ಇನ್ನೂ ಬೋಳಾಗಿ ಕಾಣುತ್ತದೆಯಂತೆ.